ಆಣೆ ಮುರಿದು ಹಬ್ಬಕ್ಕೆ ಹೋಗುವುದು

ಈದ್ ಹತ್ತಿರ ಬಂತೆಂದರೆ ನಮ್ಮ ಕರಾವಳಿ ಕಡೆ ಉಸ್ತಾದರ ಹತ್ತಿರ ಒಂದು ಪ್ರಶ್ನೆ ಬಂದೇ ಬರುತ್ತದೆ. ಜಾಗದ ಜಗಳದಲ್ಲಿ ಅಣ್ಣ ತಮ್ಮನಿಗೆ "ಅಲ್ಲಾಹನಾಣೆ, ನಿನ್ನ ಹೊಸ್ತಿಲು ತುಳಿಯಲ್ಲ" ಅಂದುಬಿಟ್ಟಿದ್ದಾನೆ. ಹಬ್ಬದ ದಿನ ಹೋಗಬೇಕು ಅನ್ನಿಸುತ್ತಿದೆ. ಆಣೆ ಅಡ್ಡ ಬರುತ್ತಿದೆ.

ಪ್ರವಾದಿಯವರ ಆಪ್ತ ಸಂಗಾತಿ ಅಬೂಬಕರ್ ಅವರಿಗೂ ಹೀಗೇ ಆಗಿತ್ತು. ಮಿಸ್ತಹ್ ಎಂಬವನು ಅಬೂಬಕರ್ ಅವರ ಬಡ ಸಂಬಂಧಿಕ, ಅವರ ಅನ್ನದಲ್ಲೇ ಇದ್ದವನು. ಅಬೂಬಕರ್ ಮಗಳು, ಪ್ರವಾದಿಯವರ ಪತ್ನಿ ಆಯಿಷಾರ ಮೇಲೆ ಸುಳ್ಳು ಅಪವಾದ ಹುಟ್ಟಿದಾಗ ಅವನೂ ಅದನ್ನೇ ಆಡಿದ. ಇವನಿಗೆ ಇನ್ನು ಕಾಸು ಕೊಡಲ್ಲ ಎಂದು ಅಬೂಬಕರ್ ಆಣೆ ಇಟ್ಟರು. ಯಾವ ತಂದೆ ಇಡುವುದಿಲ್ಲ ಹೇಳಿ? ಆಗ ಇಳಿದದ್ದು ಕುರ್‌ಆನಿನ 24ನೇ ಅಧ್ಯಾಯದ 22ನೇ ವಚನ: ಉಳ್ಳವರು ಹೀಗೆ ಆಣೆ ಇಡಬಾರದು, ಅಲ್ಲಾಹನು ನಿಮ್ಮನ್ನು ಕ್ಷಮಿಸುವುದು ನಿಮಗೆ ಬೇಡವೇ? ಬೇಕು ಅಂದರು ಅಬೂಬಕರ್. ಕೊಡುವುದನ್ನು ಮತ್ತೆ ಶುರು ಮಾಡಿದರು.

ಹಾಗಾಗಿ ಫಿಕ್ಹ್, ಅಂದರೆ ಇಸ್ಲಾಮಿನ ಧರ್ಮಶಾಸ್ತ್ರದ, ಪಂಡಿತರು ಆಣೆ ಮುರಿಯುವುದನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಮಾತಿನ ಮಧ್ಯೆ ಅಭ್ಯಾಸಬಲದಿಂದ "ವಲ್ಲಾಹಿ" ಅಂದರೆ ಅದಕ್ಕೆ ಹಿಡಿತವಿಲ್ಲ ಎನ್ನುತ್ತದೆ ಆ ಶಾಸ್ತ್ರದ ಪಂಥಗಳಲ್ಲೊಂದಾದ ಶಾಫಿ ಮದ್‌ಹಬ್. ಮುಂದಿನದರ ಬಗ್ಗೆ ಮನಸಾರೆ ಇಟ್ಟು ಮುರಿದ ಆಣೆಗೆ ಕಫ್ಫಾರಾ, ಅಂದರೆ ಹತ್ತು ಬಡವರಿಗೆ ಊಟ ಹಾಕುವಂಥ ಪ್ರಾಯಶ್ಚಿತ್ತ, ಇದೆ. ಆದದ್ದರ ಬಗ್ಗೆ ಗೊತ್ತಿದ್ದೂ ಸುಳ್ಳಾಣೆ ಇಡುವುದು, ಅಂದರೆ ಗಮೂಸ್, ಎಲ್ಲಕ್ಕಿಂತ ಕೆಟ್ಟದ್ದು. ಅದಕ್ಕೆ ಪಶ್ಚಾತ್ತಾಪದ ತೌಬಾ ಜೊತೆ ಕಫ್ಫಾರಾವೂ ಬೇಕು ಅನ್ನುತ್ತಾರೆ ಶಾಫಿಗಳು. ಇನ್ನೊಂದು ಪಂಥದವರಾದ ಹನಫಿಗಳು ಕಫ್ಫಾರಾ ಇಲ್ಲವೇ ಇಲ್ಲ ಅನ್ನುತ್ತಾರೆ. ಪಾಪ ಸಣ್ಣದು ಅಂತ ಅಲ್ಲ, ಹತ್ತು ಜನರ ಊಟದಿಂದ ತೀರುವಷ್ಟು ಸಣ್ಣದಲ್ಲ ಅಂತ. ನಾನು ಶಾಫಿ ಮನೆಯವನೇ, ಆದರೂ ಈ ಹನಫಿ ಮಾತು ನನಗೆ ಜಾಸ್ತಿ ಭಯ ಹುಟ್ಟಿಸುತ್ತದೆ.

ಅಣ್ಣನದ್ದು ನಡುವಿನದ್ದು, ದಾರಿ ಇದೆ. ಆಣೆ ಇಟ್ಟ ಮೇಲೆ ಅದಕ್ಕಿಂತ ಒಳ್ಳೆಯದು ಕಂಡರೆ ಒಳ್ಳೆಯದನ್ನೇ ಮಾಡಿ, ಕಫ್ಫಾರಾ ಕೊಡಿ ಎಂದಿದ್ದಾರೆ ಪ್ರವಾದಿಯವರು. ಹತ್ತು ಮಂದಿ ಬಡವರಿಗೆ ಊಟ ಅಥವಾ ಬಟ್ಟೆ. ಗುಲಾಮರ ಬಿಡುಗಡೆಯೂ ಒಂದು ಆಯ್ಕೆಯಾಗಿತ್ತು, ಈಗ ಆ ಮಾತಿಲ್ಲ. ಶಾಫಿ ಲೆಕ್ಕದಲ್ಲಿ ಬೇಯಿಸಿ ಬಡಿಸಿದರೆ ಸಾಲದು, ತಲೆಗೆ ಒಂದು ಮುದ್ದ್ ಅಕ್ಕಿಯನ್ನು ಅವರ ಕೈಗೇ ಕೊಡಬೇಕು. ಮುದ್ದ್ ಅಂದರೆ ಹೆಚ್ಚುಕಮ್ಮಿ ಒಂದು ಬೊಗಸೆ. ಹನಫಿಗಳಲ್ಲಿ ಎರಡು ಹೊತ್ತು ಹೊಟ್ಟೆ ತುಂಬಾ ಊಟ ಹಾಕಿದರೂ ಆಗುತ್ತದೆ.

ಜನ ಎಡವುವುದು ಉಪವಾಸದಲ್ಲಿ. "ಮೂರು ನೋಂಬು ಹಿಡಿದರಾಯ್ತು ಅಲ್ವಾ?" ಅನ್ನುತ್ತಾರೆ. ಆಗಲ್ಲ. ಅಕ್ಕಿ, ಬಟ್ಟೆ ಎರಡಕ್ಕೂ ಗತಿ ಇಲ್ಲದವರಿಗೆ ಮಾತ್ರ ಆ ಮೂರು ದಿನ. ಅದರಲ್ಲೂ ಈದ್ ದಿನ ನೋಂಬು ಹಿಡಿಯುವುದೇ ನಿಷಿದ್ಧ.

ಶಾಫಿ ಅಣ್ಣನಿಗೆ ಇನ್ನೊಂದು ಅನುಕೂಲ ಇದೆ. ಅಕ್ಕಿಯನ್ನು ಹಬ್ಬಕ್ಕೆ ಮುಂಚೆಯೇ ಹಂಚಿ, ಆಮೇಲೆ ತಮ್ಮನ ಮನೆಗೆ ಹೋಗಬಹುದು. ಹನಫಿ ಅಣ್ಣ ಮೊದಲು ಹೋಗಿ ಬಂದು, ಆಮೇಲೆ ಕೊಡಬೇಕು.