ರಾತ್ರಿ ಇಳಿಯದ 400 ಗ್ರಾಂ

ನಾನು ಕುಸ್ತಿ ತಂಡದ ಸಹಾಯಕ ಕೋಚ್. ಹುಡುಗರ ತೂಕ ನೋಡಿಕೊಳ್ಳೋದು ನನ್ನ ಪಾಲಿನ ಕೆಲಸ. ಆ ಬೆಳಿಗ್ಗೆ ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಹುಡುಗ ಫ್ರೀಸ್ಟೈಲ್ 65 ಕೆಜಿಯವನು. ಮಾಮೂಲಿ ದಿನಗಳಲ್ಲಿ 71 ಇರುತ್ತಾನೆ. ಎರಡು ವಾರ ಊಟ ಕಡಿಮೆ ಮಾಡಿಸಿ 69ಕ್ಕೆ ತಂದೆವು. ಉಳಿದದ್ದನ್ನೆಲ್ಲ ಕೊನೆಯ ಎರಡು ದಿನದಲ್ಲಿ ನೀರು ನಿಲ್ಲಿಸಿ, ಬೆವರಿಳಿಸಿ ತೆಗೆದೆವು. ಹಿಂದಿನ ರಾತ್ರಿ ಮಾಪಕ 66.0 ತೋರಿಸಿತು. ನಾನು ನೆಮ್ಮದಿಯಾಗಿ ಮಲಗಿದೆ. ಯಾಕೆಂದರೆ ಅವನು ನಿದ್ದೆಯಲ್ಲೇ 700 ಗ್ರಾಂ ಇಳಿಯುತ್ತಾನೆ, ತಿಂಗಳುಗಟ್ಟಲೆ ಬರೆದಿಟ್ಟ ಲೆಕ್ಕ. ಬೆಳಿಗ್ಗೆ 65.3 ಬರುತ್ತೆ, ಸ್ವಲ್ಪ ಹಗ್ಗ ಹಾರಿದರೆ ಮುಗೀತು ಅಂದುಕೊಂಡಿದ್ದೆ.

ಬೆಳಿಗ್ಗೆ 65.7 ಬಂತು.

ನನ್ನ ತಪ್ಪು ಶುರುವಾದದ್ದೇ ಇಲ್ಲಿ. ರಾತ್ರಿ ಇಳಿಯುವ ತೂಕ ಅಂದರೆ ಬಹುಪಾಲು ಮೂತ್ರ, ಉಸಿರಿನ ತೇವ, ಚರ್ಮದಿಂದ ಆರುವ ನೀರು. ನಾನು ಬರೆದಿಟ್ಟದ್ದು ಹೊಟ್ಟೆ ತುಂಬಾ ನೀರು ಕುಡಿದ ರಾತ್ರಿಗಳ ಲೆಕ್ಕ. ಒಣಗಿದ ಮೈ ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಮೂತ್ರಪಿಂಡ ಹನಿಹನಿಯಾಗಿಯೇ ಬಿಡೋದು. ಇದು ನನಗೆ ಗೊತ್ತಿಲ್ಲದ ವಿಷಯ ಏನಲ್ಲ. ಆದರೂ ಪುಸ್ತಕದಲ್ಲಿದ್ದ ಅಂಕಿಯನ್ನೇ ನಂಬಿದೆ.

ಪ್ಲಾಸ್ಟಿಕ್ ಸೂಟ್ ಹಾಕಿಸಿ ಹಗ್ಗ ಹಾರಿಸಿದೆ. 65.4. ಆಮೇಲೆ ಸೌನಾ. ಹತ್ತು ನಿಮಿಷ ಕೂರಿಸಿ ತೂಗಿದರೆ 65.3. ಮತ್ತೆ ಹತ್ತು ನಿಮಿಷ. ಆಗಲೂ 65.3. ಮೊದಲ ಸಲ ಗಲ್ಲದಿಂದ ತೊಟ್ಟಿಕ್ಕುತ್ತಿದ್ದ ಬೆವರು ಈಗ ಇರಲಿಲ್ಲ. ಹಣೆಯ ಮೇಲೆ ಉಪ್ಪಿನ ಬಿಳಿ ಗೆರೆ ಮಾತ್ರ ಉಳಿದಿತ್ತು. ಮುಟ್ಟಿದರೆ ಚರ್ಮ ಬಿಸಿ, ಒಣ.

ಇನ್ನೂ ಸರಿಯಾಗಿ ಬಿಸಿಯಾಗಿಲ್ಲ ಅಂತ ನಾನು ಇನ್ನೆರಡು ಟವೆಲ್ ಹೊದಿಸಿದೆ!

ನಡೆಯುತ್ತಿದ್ದದ್ದು ಅದರ ಉಲ್ಟಾ. ನೀರು ಹೋದಂತೆ ರಕ್ತದ ಪ್ರಮಾಣ ಇಳಿಯುತ್ತದೆ. ಇರುವ ರಕ್ತವನ್ನು ಹೃದಯಕ್ಕೆ, ಮೆದುಳಿಗೆ ಉಳಿಸಿಕೊಳ್ಳಲು ಚರ್ಮಕ್ಕೆ ಹೋಗುವುದನ್ನು ಮೈ ಕಡಿಮೆ ಮಾಡುತ್ತದೆ. ಬೆವರು ಕಮ್ಮಿಯಾಗುತ್ತದೆ, ಒಳಗಿನ ಬಿಸಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಬೆವರು ನಿಂತರೆ ತೂಕವೂ ನಿಲ್ಲುತ್ತದೆ, ಏರುವುದು ಬಿಸಿ ಮಾತ್ರ. ಅಂದರೆ ಟವೆಲ್ ತೆಗೆಯಬೇಕಾದ ಹೊತ್ತಿನಲ್ಲಿ ನಾನು ಹೊದಿಸುತ್ತಿದ್ದೆ.

"ಎಷ್ಟು ತೋರಿಸ್ತು ಈಗ?" ಅಂತ ಕೇಳಿದೆ.

"ಅರವತ್ತೇಳು ಸರ್."

ತಮಾಷೆ ಅಂದುಕೊಂಡೆ. ಇನ್ನೊಮ್ಮೆ ಕೇಳಿದೆ. ಮತ್ತೆ ಅದೇ ಉತ್ತರ. ಕಣ್ಣು ನನ್ನ ಮೇಲೆ ನಿಲ್ಲುತ್ತಿರಲಿಲ್ಲ. ಸುಮ್ಮನೆ ಕೂತವನ ನಾಡಿ 150 ದಾಟಿತ್ತು. ಮಾತು ತಪ್ಪಿದರೆ ಬಿಸಿ ಮೆದುಳಿಗೆ ಮುಟ್ಟಿದೆ ಅಂತಲೇ ಲೆಕ್ಕ.

ಹೊರಗೆ ಎಳೆದುಕೊಂಡು ಬಂದೆ. ಮುಖ್ಯ ಕೋಚ್ ಬಾಗಿಲಲ್ಲೇ ನಿಂತಿದ್ದರು. "ಇನ್ನು 300 ಗ್ರಾಂ ತಾನೇ? ತೂಕಕ್ಕೆ ಇನ್ನೂ ಟೈಮ್ ಇದೆ." ನಾನು ಉತ್ತರ ಕೊಡಲಿಲ್ಲ. ಸೂಟ್ ಕತ್ತರಿಯಿಂದ ಸೀಳಿ, ಅವನನ್ನು ಐಸ್ ನೀರಿನ ತೊಟ್ಟಿಗೆ ಕುತ್ತಿಗೆವರೆಗೆ ಇಳಿಸಿದೆವು. ಯಾರೋ ಬಾಯಿಗೆ ಬಾಟಲಿ ಹಿಡಿಯಲು ಬಂದರು, ತಡೆದೆ. ಪ್ರಜ್ಞೆ ಸರಿಯಿಲ್ಲದವನಿಗೆ ಕುಡಿಸಿದರೆ ನೀರು ಶ್ವಾಸಕೋಶಕ್ಕೆ ಹೋಗಬಹುದು. ಡಾಕ್ಟರ್ ಬಂದು ಡ್ರಿಪ್ ಹಾಕಿದರು. ಕಾಲು ಗಂಟೆಯ ನಂತರ ಅವನು ಕೇಳಿದ ಮೊದಲ ಮಾತು: "ತೂಕ ಮುಗೀತಾ ಸರ್?"

ಮುಗಿದಿತ್ತು. ಅವನು ತಕ್ಕಡಿ ಹತ್ತಲಿಲ್ಲ. ಎರಡು ದಿನ ಮೂತ್ರ ಚಹಾ ಬಣ್ಣದಲ್ಲಿತ್ತು. ಸ್ನಾಯು ಒಡೆದು ಅದರ ಕಸ ಮೂತ್ರಪಿಂಡಕ್ಕೆ ಹೋಗುತ್ತಿತ್ತು. ಅದು ತಿಳಿಯಾಗುವವರೆಗೆ ನನಗೆ ನಿದ್ದೆ ಇಲ್ಲ.

ಇನ್ನು 300 ಗ್ರಾಂ ಹೇಗೋ ಇಳಿದಿದ್ದರೂ ಏನಾಗುತ್ತಿತ್ತು? ಕುಸ್ತಿಯಲ್ಲಿ ತೂಕ ಸ್ಪರ್ಧೆಯ ದಿನ ಬೆಳಿಗ್ಗೆಯೇ. ಫೈನಲ್ ತಲುಪಿದರೆ ಮರುದಿನ ಮತ್ತೆ ತೂಕ. 2024ರ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 100 ಗ್ರಾಂಗೆ ಹೊರಬಿದ್ದದ್ದು ಆ ಎರಡನೇ ತೂಕದಲ್ಲಿ. ಕೆಲವೇ ಗಂಟೆಗಳಲ್ಲಿ ನಾಲ್ಕು ಲೀಟರ್ ನೀರು ಮೈಗೆ ಹತ್ತುವುದಿಲ್ಲ, ಹೊಟ್ಟೆಯಲ್ಲೇ ಕುಲುಕುತ್ತದೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಒಂದು ದಿನ ಮುಂಚೆ ತೂಗುತ್ತಾರೆ, ಅದಕ್ಕೇ ಅಲ್ಲಿ ಇನ್ನೂ ಜಾಸ್ತಿ ಇಳಿಸುತ್ತಾರೆ.

1997ರ ಕೊನೆಯಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೇ ತೂಕ ಇಳಿಸುತ್ತಾ ಸತ್ತರು. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ಸೌನಾ, ರಬ್ಬರ್ ಸೂಟ್ ಎರಡನ್ನೂ ನಿಷೇಧಿಸಿದರು. ಯಾರು ಎಷ್ಟರವರೆಗೆ ಇಳಿಯಬಹುದು ಅಂತ ಸೀಸನ್ ಶುರುವಿನಲ್ಲೇ ನಿಗದಿ ಮಾಡುವಾಗ ಮೂತ್ರದ ಸಾಂದ್ರತೆಯನ್ನೂ ನೋಡುತ್ತಾರೆ. 1.020 ದಾಟಿದರೆ ಮೈ ಒಣಗಿದೆ ಅಂತ ಅರ್ಥ, ಆ ದಿನದ ತೂಕ ಲೆಕ್ಕಕ್ಕಿಲ್ಲ. ಅದನ್ನು ಅಳೆಯುವ ಸಾಧನ ಅಂಗೈಯಲ್ಲಿ ಹಿಡಿಸುತ್ತದೆ. ಮೂರು ಸಲ ಅರ್ಜಿ ಕೊಟ್ಟೆ. ಆಡಳಿತದವರು ಇನ್ನೊಂದು ಹೊಸ ತೂಕದ ಮಾಪಕ ಕಳಿಸಿದರು.

ಹುಡುಗ ಈಗ 70 ಕೆಜಿಗೆ ಆಡುತ್ತಾನೆ. ಸ್ಪರ್ಧೆಯ ಹಿಂದಿನ ರಾತ್ರಿ ಊಟ ಮಾಡುತ್ತಾನೆ, ನೀರು ಕುಡಿಯುತ್ತಾನೆ. ಒಲಿಂಪಿಕ್ಸ್‌ನಲ್ಲಿ ಆ ವಿಭಾಗವೇ ಇಲ್ಲ, 65 ಬಿಟ್ಟರೆ 74. ಮುಖ್ಯ ಕೋಚ್ ವಾರಕ್ಕೊಮ್ಮೆಯಾದರೂ ಅದನ್ನು ನನಗೆ ನೆನಪಿಸುತ್ತಾರೆ.