ಸಿಟ್ಟಿಗೆದ್ದ ಅಕ್ಕಾರಿಗೆ ಎಷ್ಟು ಅಂಕ?

ಹುಬ್ಬಳ್ಳಿಯ ನಮ್ಮ ಸೀರೆ ಅಂಗಡಿಗೆ ಬಂದ ಹೊಸ ಹುಡುಗರಿಗಂತ ಮೊಬೈಲಿನ್ಯಾಗ ಒಂದು ಕ್ವಿಜ್ ಮಾಡಿದೆ. ಅಕ್ಕಾರು ಬಣ್ಣ ಬಿಟ್ಟ ಸೀರೆ ತಂದಾರ, ಕೈಯಾಗ ಬಿಲ್ ಇಲ್ಲ. ಏನಂತಿ?

"ಬಿಲ್ ಇಲ್ಲದ ನಡೆಯಂಗಿಲ್ರಿ" ಅಂದ್ರ 0. "ಈಗ ಬದಲಿ ಕೊಡ್ತೇವ್ರಿ" ಅಂದ್ರ 1, ಯಾಕಂದ್ರ ಹಂಗ ಮಾತು ಕೊಡೋ ಅಧಿಕಾರ ಅವನಿಗಿಲ್ಲ. "ಕೂಡ್ರಿ ಅಕ್ಕಾರ, ಯಾವಾಗ ಒಯ್ದಿದ್ರಿ, ಹೆಂಗ ಒಗೆದ್ರಿ?" ಅಂತ ಕೇಳಿದ್ರ 3. ಆರಿಸಿದ ಉತ್ತರದ ಮ್ಯಾಲೆ ಮುಂದಿನ ದೃಶ್ಯ ಬದಲಾಗತೈತಿ.

ಎಡವಿದ್ದು ನಾನು. ಸರಿಯಾಗಿ ಮಾತಾಡಿದವನ ಕತಿ ಎರಡೇ ದೃಶ್ಯಕ್ಕ ಮುಗೀತು, 3+3, ಒಟ್ಟು 6. ಮೊದಲಿಗೇ ಬಿಲ್ ಕೇಳಿ ಅಕ್ಕಾರನ್ನ ಸಿಟ್ಟಿಗೆಬ್ಬಿಸಿದವಗ ಸಮಾಧಾನ ಮಾಡಾಕ ಇನ್ನೂ ಮೂರು ದೃಶ್ಯ ಸಿಕ್ಕು, 0+2+3+3, ಒಟ್ಟು 8. ಜಗಳ ಹಚ್ಚಿದವನಽ ಫಸ್ಟ್!

ಈಗ ಅವರವರ ದಾರಿಯ ಗರಿಷ್ಠ ಅಂಕಕ್ಕ ಭಾಗಿಸೀನಿ. 6ಕ್ಕ 6 ಅಂದ್ರ ನೂರು, 12ಕ್ಕ 8 ಅಂದ್ರ ಸುಮಾರು 67.

ಸಂಜೀಕ ಮಾಲಕರೂ ಆಡಿದ್ರು. ಮೊದಲ ಪ್ರಶ್ನೆಗೇ 0. ಆ "ನಡೆಯಂಗಿಲ್ರಿ" ನಾ ಕಲತದ್ದ ಅವರ ಬಾಯಿಂದ.