ನಾಲ್ಕನೇ ಸ್ಲೈಡಿನ ಒಂದು ಗಂಟೆ

ಐದು ವರ್ಷದೊಳಗಿನ ಮಕ್ಕಳ ಸ್ಕ್ರೀನ್ ಸಮಯದ ಬಗ್ಗೆ ಪೋಷಕರಿಗಾಗಿ ಬರೆಯುತ್ತಿದ್ದ ಎಂಟು ಸ್ಲೈಡುಗಳ ಇನ್‌ಸ್ಟಾಗ್ರಾಮ್ ಕರೋಸೆಲ್ ಕೊನೆಗೂ ಒಂದು ಹದಕ್ಕೆ ಬಂದಿದೆ. ಏಳು ಸ್ಲೈಡುಗಳು ಹೆಚ್ಚು ಕಾಡಿಸದೆ ಮುಗಿದವು. ಮಿತಿ ಎಷ್ಟು ಎಂದು ಹೇಳಬೇಕಾದ ನಾಲ್ಕನೆಯದು ಮಾತ್ರ ಉಳಿದೆಲ್ಲಕ್ಕೂ ಸೇರಿ ಹಿಡಿದಷ್ಟು ಸಮಯವನ್ನು ಒಂದೇ ನುಂಗಿತು. ಅಳತೆ, ಬಣ್ಣ, ಫಾಂಟುಗಳ ಆಯ್ಕೆಯನ್ನು ಇಲ್ಲಿ ಬಿಟ್ಟು, ಆ ಒಂದು ಸ್ಲೈಡಿನ ಮಾತನ್ನಷ್ಟೇ ದಾಖಲಿಸುತ್ತಿದ್ದೇನೆ.

ಹೇಳಬೇಕಾದ ವಿಷಯದಲ್ಲಿ ಗೊಂದಲವೇನೂ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ ಎರಡು ವರ್ಷ ತುಂಬುವವರೆಗೆ ಮಗುವನ್ನು ಪರದೆಯ ಮುಂದೆ ಕೂರಿಸುವುದು ಸಲ್ಲದು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಸಿದ್ಧಪಡಿಸಿದ ಮಾರ್ಗಸೂಚಿಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಅದರಲ್ಲಿ 24ರಿಂದ 59 ತಿಂಗಳ ಮಕ್ಕಳಿಗೆ ಗರಿಷ್ಠ ಒಂದು ಗಂಟೆ, ಅದೂ ದೊಡ್ಡವರ ಕಣ್ಗಾವಲಿನಲ್ಲಿ. ಎರಡು ವರ್ಷದೊಳಗಿನವರಿಗೆ ಬಂಧುಗಳೊಂದಿಗೆ ಅಪರೂಪಕ್ಕೆ ಮಾಡುವ ವಿಡಿಯೊ ಕರೆಗಷ್ಟೇ ವಿನಾಯಿತಿ. ಮೊಮ್ಮಗುವನ್ನು ಫೋನಿನಲ್ಲಷ್ಟೇ ನೋಡಬಲ್ಲ ದೂರದ ಅಜ್ಜಿ-ತಾತಂದಿರು ನಮ್ಮ ಓದುಗರಲ್ಲಿ ಬೇಕಾದಷ್ಟು ಜನರಿರುವುದರಿಂದ, ಆ ವಿನಾಯಿತಿಗೆ ಮೂರನೇ ಸ್ಲೈಡಿನಲ್ಲಿ ಪೂರ್ತಿ ಒಂದು ಸಾಲನ್ನೇ ಕೊಟ್ಟೆ.

ನಾಲ್ಕನೇ ಸ್ಲೈಡಿನ ಮೊದಲ ಕರಡು ಹೀಗಿತ್ತು: “2ರಿಂದ 5 ವರ್ಷ: ದಿನಕ್ಕೆ 1 ಗಂಟೆ.” ಚೊಕ್ಕವಾಗಿತ್ತು, ಆದರೆ ನೆರೆಮನೆಯ ತಂದೆಯೊಬ್ಬರು ಓದಿದೊಡನೆ, “ಹಾಗಾದರೆ ನಾವು ಕೊಡುತ್ತಿರುವುದು ಕಡಿಮೆಯಾಯಿತು” ಎಂದರು. ಮೇಲಿನ ಮಿತಿಯಾಗಬೇಕಿದ್ದದ್ದು ಬೆಳಿಗ್ಗೆ-ರಾತ್ರಿ ತಪ್ಪದೆ ಕೊಡಬೇಕಾದ ಟಾನಿಕ್ಕಿನ ಪ್ರಮಾಣದಂತೆ ಓದಿಸಿಕೊಂಡಿತ್ತು. ದಿನಕ್ಕೆ ಅರ್ಧ ಗಂಟೆಯಲ್ಲಿ ಸುಖವಾಗಿದ್ದ ಮನೆಗೆ ಇನ್ನರ್ಧ ಗಂಟೆ ಸೇರಿಸಿಕೊಟ್ಟ ಕೀರ್ತಿ ನನಗೆ ಬೇಕಿರಲಿಲ್ಲ.

“1 ಗಂಟೆ ಮೀರದಿರಲಿ” ಎಂದು ತಿದ್ದಿದಾಗ ಆ ತೊಡಕು ಬಿಡಿಸಿಕೊಂಡಿತು, ಇನ್ನೊಂದು ಮೇಲೆದ್ದಿತು. ಓದಿದ ತಾಯಂದಿರಲ್ಲಿ ಹಲವರು ಲೆಕ್ಕ ಹಾಕಿದ್ದು ತಮ್ಮ ಫೋನನ್ನು ಮಾತ್ರ. ಸಂಜೆ ತಾತನ ಪಕ್ಕದಲ್ಲಿ ಕುಳಿತು ನೋಡುವ ಟಿವಿ “ಅದು ದೊಡ್ಡವರ ಕಾರ್ಯಕ್ರಮ” ಎಂಬ ಕಾರಣಕ್ಕೆ ಲೆಕ್ಕದಿಂದ ಹೊರಗುಳಿದಿತ್ತು, ಚಿಕ್ಕಪ್ಪನ ಟ್ಯಾಬ್ ಅಂತೂ ಯಾರ ಗಣನೆಗೂ ಬಂದಿರಲಿಲ್ಲ. ಆದ್ದರಿಂದ ಸಾಲು “ಟಿವಿ, ಫೋನ್, ಟ್ಯಾಬ್ ಎಲ್ಲ ಸೇರಿ ದಿನಕ್ಕೆ ಹೆಚ್ಚೆಂದರೆ 1 ಗಂಟೆ” ಎಂದು ಬೆಳೆಯಿತು. ಈಗ ಮಾತು ಸರಿ, ಆದರೆ ವಿನ್ಯಾಸ ಅದನ್ನು ಕೆಡಿಸುತ್ತಿತ್ತು. ಅಂಕಿಯನ್ನು ದಪ್ಪಕ್ಷರದಲ್ಲಿ ಕೂರಿಸುವುದು ನಮ್ಮೆಲ್ಲರ ಚಟ; “1 ಗಂಟೆ” ಪರದೆಯ ಅರ್ಧ ಭಾಗವನ್ನು ಆಕ್ರಮಿಸಿತು, “ಎಲ್ಲ ಸೇರಿ” ಎಂಬುದು ಕೆಳಗೆ ಸಣ್ಣದಾಗಿ ಕುಗ್ಗಿತು. ಬೆರಳು ಸರಿಸುವ ವೇಗದಲ್ಲಿ ಓದುಗರ ಕಣ್ಣಿಗೆ ಬಿದ್ದದ್ದು ಮತ್ತೆ ಅದೇ ಮೊದಲ ಕರಡು. ಕೊನೆಗೆ ದಪ್ಪಕ್ಷರವನ್ನು “ಎಲ್ಲ ಸೇರಿ”ಗೆ ಕೊಟ್ಟು, ಗಂಟೆಯನ್ನು ಸಾಧಾರಣ ಅಳತೆಗೆ ಇಳಿಸಿದೆ. ನೋಡಲು ತುಸು ವಿಚಿತ್ರವಾಗಿದೆ, ಓದಿಸಿಕೊಳ್ಳುವುದು ಸರಿಯಾಗಿದೆ.

ಇಷ್ಟಾದರೂ ಮುಖ್ಯ ಕಗ್ಗಂಟು ಹಾಗೆಯೇ ಇತ್ತು. ನಿಮಿಷಗಳನ್ನು ಯಾವ ಮನೆಯಲ್ಲೂ ಯಾರೂ ಅಳೆಯುವುದಿಲ್ಲ. ಅಳೆಯಲಾಗದ ಮಿತಿಯನ್ನು ಹೇಳಿ ಬಿಟ್ಟರೆ ಅದು ಗೋಡೆಬರಹವಾಗಿ ಉಳಿಯುತ್ತದೆ. ಆದ್ದರಿಂದ ಮೂರು ವರ್ಷದ ಮಗುವಿನ ಒಂದು ಮಾದರಿ ದಿನವನ್ನು ಕಾಗದದ ಮೇಲೆ ಬಿಡಿಸಿದೆ. ಬೆಳಗಿನ ತಿಂಡಿ ತಿನ್ನಿಸುವಾಗ ಫೋನಿನಲ್ಲಿ ಹಾಡುಗಳು 25 ನಿಮಿಷ, ಸಂಜೆ ಟಿವಿ 40 ನಿಮಿಷ, ರಾತ್ರಿ ಊಟಕ್ಕೆ ಮತ್ತೆ ಫೋನ್ 30 ನಿಮಿಷ. ಒಟ್ಟು 95, ಅಂದರೆ ಮಿತಿಗಿಂತ 35 ಹೆಚ್ಚು. ಮೂರರಲ್ಲೂ ಹನ್ನೆರಡು ಹನ್ನೆರಡು ನಿಮಿಷ ಕತ್ತರಿಸಿ ಎಂದು ಬರೆಯುವುದು ಸುಲಭ, ಪಾಲಿಸುವುದು ಅಸಾಧ್ಯ, ಏಕೆಂದರೆ ಹಾಡಿನ ನಡುವೆ ಫೋನ್ ಕಿತ್ತುಕೊಂಡರೆ ತುತ್ತು ಬಾಯಿಂದ ಹೊರಗೆ ಬರುತ್ತದೆ.

ಇಲ್ಲಿ ದಾರಿ ತೋರಿಸಿದ್ದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2016ರಲ್ಲಿ ನೀಡಿದ ಎರಡು ಸಲಹೆಗಳು: ಊಟದ ಹೊತ್ತಿನಲ್ಲಿ ಪರದೆ ಬೇಡ, ಮಲಗುವ ಒಂದು ಗಂಟೆ ಮೊದಲಿನಿಂದ ಪರದೆ ಬೇಡ. ಇವನ್ನು ಮಾದರಿ ದಿನಕ್ಕೆ ಅನ್ವಯಿಸಿದರೆ ತಿಂಡಿಯ 25 ಮತ್ತು ಊಟದ 30 ಇಡಿಯಾಗಿ ಹೋಗುತ್ತವೆ, ಸಂಜೆಯ 40 ಮಾತ್ರ ಉಳಿಯುತ್ತದೆ. ಯಾರೂ ಗಡಿಯಾರ ನೋಡದೆಯೇ ದಿನ ಮಿತಿಯೊಳಗೆ ಬಂತು. ಹೀಗಾಗಿ ಐದನೇ ಸ್ಲೈಡು ತನ್ನಷ್ಟಕ್ಕೆ ಹುಟ್ಟಿಕೊಂಡಿತು: “ನಿಮಿಷ ಎಣಿಸಬೇಡಿ, ಹೊತ್ತು ಗೊತ್ತುಮಾಡಿ. ತಟ್ಟೆಯ ಮುಂದೆ ಪರದೆ ಇಲ್ಲ. ಮಲಗುವ ಮುಂಚಿನ ಒಂದು ಗಂಟೆ ಪರದೆ ಇಲ್ಲ.” ಮೊದಲ ಕೆಲವು ದಿನ ಮಗು ಹಟ ಮಾಡುತ್ತದೆ, ಊಟ ನಿಧಾನವಾಗುತ್ತದೆ ಎಂಬುದನ್ನೂ ಅದರ ಕೆಳಗೇ ಬರೆದಿದ್ದೇನೆ, ಅದನ್ನು ಮುಚ್ಚಿಟ್ಟರೆ ಎರಡನೇ ದಿನವೇ ಫೋನ್ ತಟ್ಟೆಯ ಪಕ್ಕಕ್ಕೆ ಮರಳುತ್ತದೆ.

ಕಾರಣ ಹೇಳುವ ಆರನೇ ಸ್ಲೈಡಿನ ಬಗ್ಗೆ ಗೆಳೆಯರೊಂದಿಗೆ ವಾದವಾಯಿತು. “ಮೆದುಳಿಗೆ ಹಾನಿ” ಎಂದು ಕೆಂಪಕ್ಷರದಲ್ಲಿ ಹಾಕಿದರೆ ಹೆಚ್ಚು ಜನ ಹಂಚುತ್ತಾರೆ ಎಂಬುದು ಅವರ ನಿಲುವು, ಮತ್ತು ಹಂಚಿಕೆಯ ಮಟ್ಟಿಗೆ ಅವರು ಹೇಳುವುದು ನಿಜವಿರಬಹುದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ದಾಖಲೆಯೇ ತನ್ನ ಶಿಫಾರಸನ್ನು ಬಲವಾದದ್ದೆಂದು ಕರೆದರೂ, ಅದಕ್ಕೆ ದೊರೆತ ಪುರಾವೆಯ ಗುಣಮಟ್ಟ ಬಹಳ ಕಡಿಮೆ ಎಂದು ಒಪ್ಪಿಕೊಂಡಿದೆ. 61ನೇ ನಿಮಿಷಕ್ಕೆ ಏನೋ ಒಡೆದುಹೋಗುತ್ತದೆ ಎಂಬ ಧ್ವನಿ ನಮ್ಮ ಸ್ಲೈಡಿನಲ್ಲಿ ಬರಬಾರದು. ಪರದೆ ಯಾವುದರ ಸಮಯವನ್ನು ಕಬಳಿಸುತ್ತದೆ ಎಂಬುದನ್ನಷ್ಟೇ ಹೇಳಿದೆ: ಅದೇ ಮಾರ್ಗಸೂಚಿಯಂತೆ ಮೂರು-ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ, ಕನಿಷ್ಠ 180 ನಿಮಿಷ ಓಡಾಟ-ಆಟ ಬೇಕು.

ಚಿತ್ರಗಳ ವಿಷಯದಲ್ಲಿ ಗೊಣಗದೆ ಇರಲಾರೆ. “ಭಾರತೀಯ ಕುಟುಂಬ” ಎಂಬ ಹೆಸರಿನಲ್ಲಿ ದುಡ್ಡು ಕೊಟ್ಟು ಕೊಂಡ ಕಟ್ಟಿನಲ್ಲಿ ಅಗ್ಗಿಷ್ಟಿಕೆಯ ಮುಂದೆ ಕುಳಿತ ಬಿಳಿಗೂದಲ ಅಜ್ಜಿಯೊಬ್ಬಳಿಗೆ ಬೊಟ್ಟು ಇಟ್ಟು ಕಳುಹಿಸಿದ್ದರು. ಜೊತೆಗೆ ಬಂದ ಟೆಂಪ್ಲೇಟಿನಲ್ಲಿ ಸಾಲುಗಳ ನಡುವಿನ ಅಂತರ ಇಂಗ್ಲಿಷಿನ ಅಂದಾಜಿನದು. “ಹೆಚ್ಚೆಂದರೆ” ಎಂಬಲ್ಲಿನ ಒತ್ತಕ್ಷರ ಕೆಳಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತಿತ್ತು. ಅಂತರ ಹೆಚ್ಚಿಸಿದಾಗ ಒಂದು ಸಾಲಿನ ಜಾಗ ಹೋಯಿತು, ಮಾತನ್ನು ಇನ್ನಷ್ಟು ಬಿಗಿಗೊಳಿಸಬೇಕಾಯಿತು.

ಈ ನಡುವೆ ಮುಂದಿನ ಕೆಲಸವೂ ತಲೆಯಲ್ಲಿ ಕುಳಿತಿದೆ. ತುತ್ತು ತಿನ್ನಿಸುವವರು ಅನೇಕ ಮನೆಗಳಲ್ಲಿ ಅಜ್ಜಿಯರು, ಅವರಿಗೆ ಇನ್‌ಸ್ಟಾಗ್ರಾಮ್ ತಲುಪುವುದಿಲ್ಲ. ಅವರಿಗಾಗಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವ ಎರಡು ನಿಮಿಷದ ಧ್ವನಿಮುದ್ರಿಕೆ ಮಾಡಬೇಕೆಂದಿದ್ದೇನೆ. ಸೊಸೆಯ ಮಾತಿನಂತೆ ಕೇಳಿಸದಂತೆ ಅದನ್ನು ಬರೆಯುವುದು ಈ ನಾಲ್ಕನೇ ಸ್ಲೈಡಿಗಿಂತ ಕಷ್ಟವಾಗುವ ಲಕ್ಷಣವಿದೆ.

ಸದ್ಯಕ್ಕೆ ಉಳಿದಿರುವುದು ಒಂದೇ ತಿದ್ದುಪಡಿ. ಜನ ಇಡೀ ಕರೋಸೆಲ್ ಹಂಚುವುದಕ್ಕಿಂತ ಒಂದೊಂದು ಸ್ಲೈಡಿನ ಸ್ಕ್ರೀನ್‌ಶಾಟ್ ತೆಗೆದು ಕಳುಹಿಸುವುದೇ ಹೆಚ್ಚು. ನಾಲ್ಕನೆಯದು ಒಂಟಿಯಾಗಿ ಹೊರಟರೆ ಒಂದು ವರ್ಷದ ಮಗುವಿನ ಮನೆಯಲ್ಲಿ ಅದು “ಒಂದು ಗಂಟೆ ಪರವಾಗಿಲ್ಲ” ಎಂಬ ಪರವಾನಗಿಯಾಗುತ್ತದೆ. ಆದ್ದರಿಂದ “ಎರಡನೇ ಹುಟ್ಟುಹಬ್ಬದವರೆಗೆ ಪರದೆ ಬೇಡ” ಎಂಬ ಸಾಲನ್ನು ಮೂರನೆಯದರಲ್ಲಿ ಇದ್ದರೂ ಇಲ್ಲಿ ಮತ್ತೊಮ್ಮೆ, ವಯಸ್ಸಿನ ಪಟ್ಟಿಯ ಮೇಲ್ಭಾಗದಲ್ಲೇ ಸೇರಿಸುತ್ತಿದ್ದೇನೆ. ಜಾಗಕ್ಕಾಗಿ ಬೊಟ್ಟಿಟ್ಟ ಅಜ್ಜಿಯನ್ನು ತೆಗೆಯಬೇಕಾಗಿದೆ, ಅದಕ್ಕೆ ಯಾರ ಆಕ್ಷೇಪವೂ ಬಂದಿಲ್ಲ.